ಕೆಪಿಐ, ಓಕೆಆರ್, ಕೆಆರ್‌ಎ: ಮೊದಲ ವಾರದಲ್ಲಿ ಎಲ್ಲರೂ ಕೇಳುವ ಪ್ರಶ್ನೆಗಳು

ನೀವು ಸೋಮವಾರ ಸೇರಿದಿರಿ. ಬುಧವಾರದ ಹೊತ್ತಿಗೆ ನಿಮ್ಮ ನೋಟ್‌ಬುಕ್ಕಿನ ಕೊನೇ ಪುಟ ಪೂರ್ತಿ ಇಂಥ ಅಕ್ಷರಗಳೇ ಇದ್ದವು, ಪ್ರತಿಯೊಂದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಪಕ್ಕದಲ್ಲೇ ಕೂತಿದ್ದೆ, ಕಣ್ಣಿಗೆ ಬಿತ್ತು. ಕಳೆದ ಎರಡು ವರ್ಷಗಳಲ್ಲಿ ನಮ್ಮ ಟೀಮಿಗೆ ಬಂದವರೆಲ್ಲ ಇವೇ ಪ್ರಶ್ನೆಗಳನ್ನ ಕೇಳಿದ್ದಾರೆ, ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾವು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಕಂಪನಿ, ನಮ್ಮದು ಸಪೋರ್ಟ್ ಟೀಮ್. ಉದಾಹರಣೆಗಳೂ ಅಲ್ಲಿಂದಲೇ.

ಕೆಪಿಐ, ಓಕೆಆರ್ ಎರಡೂ ಗುರಿಗಳೇ ತಾನೇ? ವ್ಯತ್ಯಾಸ ಏನು?

ಎರಡರಲ್ಲೂ ನಂಬರ್ ಇರುತ್ತೆ, ಅದಕ್ಕೇ ಗೊಂದಲ. ಕೆಪಿಐ ಅಂದ್ರೆ ಕೀ ಪರ್ಫಾರ್ಮೆನ್ಸ್ ಇಂಡಿಕೇಟರ್. ನಡೆಯುತ್ತಿರುವ ಕೆಲಸ ಸರಿಯಾಗಿ ನಡೀತಿದೆಯಾ ಅಂತ ದಿನಾ ನೋಡುವ ಅಳತೆ ಅದು. ಓಕೆಆರ್ ಅಂದ್ರೆ ಆಬ್ಜೆಕ್ಟಿವ್ಸ್ ಅಂಡ್ ಕೀ ರಿಸಲ್ಟ್ಸ್. ಈಗಿರುವುದನ್ನ ಬದಲಾಯಿಸಬೇಕು ಅಂತ ಮೂರು ತಿಂಗಳಿಗೆ ಹಾಕಿಕೊಳ್ಳುವ ಪಣ.

ನಿಮ್ಮ ಮನೇಲಿ ಹಸು ಇದೆ, ದಿನಾ ಡೇರಿಗೆ ಹಾಲು ಹಾಕ್ತಾರೆ ಅಂದಿರಿ. ಅಲ್ಲಿ ಬೆಳಗ್ಗೆ ಸಂಜೆ ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಬರೆದುಕೊಳ್ಳುತ್ತಾರಲ್ವಾ, ಅದು ಕೆಪಿಐ. ಫ್ಯಾಟ್ 3.5 ಇದ್ದದ್ದು ಇದ್ದಕ್ಕಿದ್ದಂತೆ 3.1ಕ್ಕೆ ಇಳಿದರೆ ಮೇವಿನಲ್ಲೋ ಹಸುವಿನ ಆರೋಗ್ಯದಲ್ಲೋ ಏನೋ ಆಗಿದೆ ಅಂತ ಗೊತ್ತಾಗುತ್ತೆ. ಅದೇ ನಿಮ್ಮ ಅಪ್ಪ 'ಈ ಮೂರು ತಿಂಗಳಲ್ಲಿ ಮೇವು ಬದಲಾಯಿಸಿ ಫ್ಯಾಟ್ 4ಕ್ಕೆ ತರಬೇಕು' ಅಂತ ಹೊರಟರೆ ಅದು ಓಕೆಆರ್. ಅಳೆಯುವ ವಸ್ತು ಒಂದೇ ಇರಬಹುದು. ಒಂದು ಕಾಯುವುದಕ್ಕೆ, ಇನ್ನೊಂದು ಬದಲಾಯಿಸುವುದಕ್ಕೆ. ಅಂದಹಾಗೆ ಎಸ್‌ಎನ್‌ಎಫ್ ಕೂಡ ಇಂಥದೇ ಅಕ್ಷರಗಳ ಗುಂಪು. ಊರಲ್ಲಿ ಎಲ್ಲರೂ ಬಿಡಿಸಿ ಹೇಳಲಾರರು, ಆದರೆ ಅದು ಇಳಿದರೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ಆಫೀಸಿನ ಅಕ್ಷರಗಳನ್ನೂ ಹಾಗೇ ಕಲಿಯಿರಿ. ಬಿಡಿಸಿದ ರೂಪಕ್ಕಿಂತ, ಅದು ಏರಿದರೆ ಇಳಿದರೆ ನಾವು ಏನು ಮಾಡ್ತೀವಿ ಅನ್ನೋದು ಮುಖ್ಯ.

ನಮ್ಮ ಡ್ಯಾಶ್‌ಬೋರ್ಡಿನ ಮೇಲ್ಗಡೆ ಎಫ್‌ಆರ್‌ಟಿ ಅಂತಿದೆ, ಅದೇನು?

ಫಸ್ಟ್ ರೆಸ್ಪಾನ್ಸ್ ಟೈಮ್. ಗ್ರಾಹಕರು ಟಿಕೆಟ್ ಹಾಕಿದ ಮೇಲೆ ನಮ್ಮ ಕಡೆಯ ಮನುಷ್ಯರೊಬ್ಬರು ಮೊದಲ ಉತ್ತರ ಕೊಡಲು ತೆಗೆದುಕೊಂಡ ಸಮಯ. 'ನಿಮ್ಮ ದೂರು ತಲುಪಿದೆ' ಅಂತ ತಾನಾಗೇ ಹೋಗುವ ಮೇಲ್ ಲೆಕ್ಕಕ್ಕಿಲ್ಲ. ಅದನ್ನೂ ಸೇರಿಸಿದರೆ ಎಲ್ಲ ಟಿಕೆಟ್ಟಿಗೂ ಒಂದು ನಿಮಿಷದೊಳಗೆ ಉತ್ತರ ಹೋದ ಹಾಗೆ ಕಾಣುತ್ತೆ.

ಇದರ ಪಕ್ಕ ಸಣ್ಣ ಅಕ್ಷರದಲ್ಲಿ ಆವರೇಜ್ ಅಂತಿದೆಯಾ, ಮೀಡಿಯನ್ ಅಂತಿದೆಯಾ ನೋಡಿ. ಮೀಡಿಯನ್ ಅಂದ್ರೆ ಎಲ್ಲವನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಾಗ ನಡುವೆ ಬರುವ ನಂಬರ್. ಒಂದು ದಿನ ಹತ್ತು ಟಿಕೆಟ್ ಬಂದವು ಅಂದುಕೊಳ್ಳಿ. ಒಂಬತ್ತಕ್ಕೆ 10 ನಿಮಿಷದಲ್ಲಿ ಉತ್ತರ ಹೋಯ್ತು. ಹತ್ತನೆಯದು ಯಾರ ಕಣ್ಣಿಗೂ ಬೀಳದೆ 5 ಗಂಟೆ, ಅಂದ್ರೆ 300 ನಿಮಿಷ ಬಿದ್ದಿತ್ತು. ಆವರೇಜ್ 39 ನಿಮಿಷ, ಮೀಡಿಯನ್ 10 ನಿಮಿಷ. 39 ನೋಡಿದವರು 'ಇಡೀ ಟೀಮ್ ನಿಧಾನ' ಅಂತಾರೆ, 10 ನೋಡಿದವರು 'ಎಲ್ಲ ಚೆನ್ನಾಗಿದೆ' ಅಂತಾರೆ. ಇಬ್ಬರಿಗೂ ಆ ಐದು ಗಂಟೆ ಕಾದವರು ಕಾಣುವುದಿಲ್ಲ. ನಾನು ಬೆಳಗ್ಗೆ ಬಂದ ತಕ್ಷಣ ಮೊದಲು ನೋಡುವುದು ಆ ದಿನದ ಅತಿ ಹಳೆಯ ಟಿಕೆಟ್ಟನ್ನ. ನೀವೂ ಹಾಗೇ ಅಭ್ಯಾಸ ಮಾಡಿಕೊಳ್ಳಿ.

ಎಸ್‌ಎಲ್‌ಎ ಬ್ರೀಚ್ ಆಗುತ್ತೆ ಅಂತ ಎಲ್ಲರೂ ಯಾಕೆ ಅಷ್ಟು ಗಾಬರಿಯಾಗ್ತಾರೆ?

ಎಸ್‌ಎಲ್‌ಎ, ಸರ್ವೀಸ್ ಲೆವೆಲ್ ಅಗ್ರಿಮೆಂಟ್, ಗ್ರಾಹಕರಿಗೆ ಬರೆದುಕೊಟ್ಟ ಮಾತು. ಕೆಪಿಐ ಕೆಟ್ಟರೆ ನಮ್ಮೊಳಗೆ ಚರ್ಚೆ ಆಗುತ್ತೆ. ಎಸ್‌ಎಲ್‌ಎ ತಪ್ಪಿದರೆ ಕರಾರು ತಪ್ಪಿದ ಹಾಗೆ, ದೊಡ್ಡ ಗ್ರಾಹಕರಾದರೆ ಬಿಲ್ಲಿನಲ್ಲಿ ದುಡ್ಡು ಹಿಡಿಯಬಹುದು. ಅದಕ್ಕೇ ಗಾಬರಿ.

ಹೊಸಬರು ಎಡವುವುದು ಗಂಟೆಗಳ ಲೆಕ್ಕದಲ್ಲಿ. ನಮ್ಮದು 4 ಗಂಟೆಯ ಎಸ್‌ಎಲ್‌ಎ, ಆದರೆ ಆ 4 ಗಂಟೆ ಕೆಲಸದ ಗಂಟೆಗಳು, ಸೋಮವಾರದಿಂದ ಶುಕ್ರವಾರ ಬೆಳಗ್ಗೆ 9ರಿಂದ ಸಂಜೆ 6. ಶುಕ್ರವಾರ ಸಂಜೆ 5ಕ್ಕೆ ಟಿಕೆಟ್ ಬಂದರೆ ಆ ದಿನ ಒಂದು ಗಂಟೆ ಓಡುತ್ತೆ, ಉಳಿದ ಮೂರು ಸೋಮವಾರ. ಗಡುವು ಸೋಮವಾರ ಮಧ್ಯಾಹ್ನ 12. ಕೆಲವು ಗ್ರಾಹಕರ ಕರಾರಿನಲ್ಲಿ ಮಾತ್ರ ಗಡಿಯಾರ ಶನಿವಾರ ಭಾನುವಾರವೂ ನಿಲ್ಲಲ್ಲ. ಅವರಿಗೆ ಅದೇ ಟಿಕೆಟ್ಟಿನ ಗಡುವು ಶುಕ್ರವಾರ ರಾತ್ರಿ 9. ಟಿಕೆಟ್ ತೆರೆದಾಗ ಬಲಗಡೆ ಕರಾರಿನ ಹೆಸರು ಇರುತ್ತೆ, ಅದನ್ನ ಮೊದಲು ಓದಿ.

ಇನ್ನೊಂದು ವಿಷಯ. ಟಿಕೆಟ್ಟನ್ನ 'ಪೆಂಡಿಂಗ್' ಗೆ ಹಾಕಿದರೆ, ಅಂದ್ರೆ ಗ್ರಾಹಕರ ಉತ್ತರಕ್ಕೆ ಕಾಯ್ತಿದ್ದೇವೆ ಅಂತ ಗುರುತು ಹಾಕಿದರೆ, ಗಡಿಯಾರ ನಿಂತುಬಿಡುತ್ತೆ. ಮುಂದಿನ ಪ್ರಶ್ನೆಯ ಉತ್ತರ ಪೂರ್ತಿ ಇದರ ಮೇಲೇ ನಿಂತಿದೆ.

ಡ್ಯಾಶ್‌ಬೋರ್ಡ್ ಎಲ್ಲ ಹಸಿರು, ಆದರೂ ಗ್ರಾಹಕರು ಫೋನಿನಲ್ಲಿ ಸಿಟ್ಟಾಗಿ ಮಾತಾಡ್ತಾರೆ. ಹೇಗೆ?

ಇದನ್ನ ಒಂದು ಟಿಕೆಟ್ ಇಟ್ಟುಕೊಂಡೇ ಹೇಳಬೇಕು. ನಾನೇ ನೋಡಿಕೊಂಡಿದ್ದ ಟಿಕೆಟ್ ಅದು.

ಒಂದು ದಿನಸಿ ಅಂಗಡಿಯವರು ಬರೆದಿದ್ದರು: 'ಬಿಲ್ಲಿನಲ್ಲಿ ಮೊತ್ತ ಅರ್ಧ ಕಟ್ ಆಗಿ ಬರ್ತಿದೆ.' ನಾನು 6 ನಿಮಿಷದಲ್ಲಿ ಉತ್ತರಿಸಿದೆ: 'ನಿಮ್ಮ ಪ್ರಿಂಟರ್ ಮಾಡೆಲ್ ತಿಳಿಸಿ.' ಪೆಂಡಿಂಗ್‌ಗೆ ಹಾಕಿದೆ. ಅಲ್ಲಿಗೆ ಗಡಿಯಾರ ನಿಂತಿತು. ಅವರು ಸಂಜೆ ವ್ಯಾಪಾರದಲ್ಲಿದ್ದರು, ಮೇಲ್ ನೋಡಿದ್ದು ಮರುದಿನ. ಮಾಡೆಲ್ ಎಲ್ಲಿ ಬರೆದಿರುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ, ಸುಮ್ನೆ ಬಿಟ್ಟರು. ಮೂರನೇ ದಿನ 'ಉತ್ತರ ಬಂದಿಲ್ಲ' ಅಂತ ಟಿಕೆಟ್ ತಾನಾಗೇ ಮುಚ್ಚಿತು. ಎಫ್‌ಆರ್‌ಟಿ 6 ನಿಮಿಷ, ಎಸ್‌ಎಲ್‌ಎ ಪಾಸ್. ಆ ಮೂರು ದಿನವೂ ಅಂಗಡಿಯವರು ಮೊತ್ತವನ್ನ ಪೆನ್ನಿನಲ್ಲಿ ಬರೆದುಕೊಟ್ಟಿದ್ದಾರೆ.

ಕಾರಣ ಏನಾಗಿತ್ತು ಗೊತ್ತಾ? ಬಿಲ್ ಪ್ರಿಂಟರಿನ ಪೇಪರ್ ರೋಲ್ ಸಾಮಾನ್ಯವಾಗಿ ಎರಡು ಅಗಲದಲ್ಲಿ ಬರುತ್ತೆ, 58 ಮಿ.ಮೀ. ಮತ್ತು 80 ಮಿ.ಮೀ. ಅವರದು 58ರ ಪ್ರಿಂಟರ್, ನಮ್ಮ ಸಾಫ್ಟ್‌ವೇರ್ ಮೊದಲಿಂದಲೂ 80 ಅಂತಲೇ ಸೆಟ್ ಆಗಿ ಬರುತ್ತಿತ್ತು. ಬಲಗಡೆಯ ಅಂಕಣ ಪೇಪರಿನ ಆಚೆ ಹೋಗುತ್ತಿತ್ತು. ನನ್ನ ಮೊದಲ ಉತ್ತರದಲ್ಲೇ 'ಸೆಟ್ಟಿಂಗ್ಸಿನಲ್ಲಿ ಪೇಪರ್ ಅಗಲ 58 ಮಾಡಿ ನೋಡಿ, ಆಗಲಿಲ್ಲ ಅಂದ್ರೆ ಬಿಲ್ಲಿನ ಒಂದು ಫೋಟೋ ಕಳಿಸಿ' ಅಂತ ಬರೆದಿದ್ದರೆ ಅವತ್ತೇ ಮುಗಿಯುತ್ತಿತ್ತು. ಬರೆಯಲು 6 ನಿಮಿಷದ ಬದಲು 15 ನಿಮಿಷ ಆಗುತ್ತಿತ್ತು ಅಷ್ಟೇ. ಆ ಅಂಗಡಿಯವರ ಫೋನ್ ಬಂದ ಮೇಲೆ ನಾನು ಆ ರೀತಿ ಉತ್ತರಿಸುವುದನ್ನ ಬಿಟ್ಟೆ.

ಅಳತೆಯನ್ನೇ ಗುರಿ ಮಾಡಿಕೊಂಡರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಅನ್ನೋದಕ್ಕೆ ಗುಡ್‌ಹಾರ್ಟ್ ನಿಯಮ ಅಂತಾರೆ. ಚಾರ್ಲ್ಸ್ ಗುಡ್‌ಹಾರ್ಟ್ ಅನ್ನೋ ಬ್ರಿಟಿಷ್ ಅರ್ಥಶಾಸ್ತ್ರಜ್ಞರು 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ ಮಾತಿನಿಂದ ಬಂದಿದ್ದು. ಇದಕ್ಕೆ ಮದ್ದು ಅಂದ್ರೆ ಒಂದು ಕೆಪಿಐಯನ್ನ ಯಾವತ್ತೂ ಒಂಟಿಯಾಗಿ ಓದಬಾರದು. ಎಫ್‌ಆರ್‌ಟಿ ಪಕ್ಕದಲ್ಲಿ ರೀಓಪನ್ ರೇಟ್ ಇಟ್ಟು ನೋಡಿ, ಅಂದ್ರೆ ಮುಚ್ಚಿದ ಟಿಕೆಟ್ಟುಗಳಲ್ಲಿ ಎಷ್ಟು ಮತ್ತೆ ತೆರೆದವು ಅಂತ. ಉತ್ತರ ಬೇಗ ಬೇಗ ಹೋಗ್ತಿದೆ, ರೀಓಪನ್ ಕೂಡ ಏರ್ತಿದೆ ಅಂದ್ರೆ ನಾವು ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕಳಿಸ್ತಿದ್ದೇವೆ ಅಂತ ಅರ್ಥ.

ಸಿಸ್ಯಾಟ್ 90% ಇದೆಯಲ್ಲ, ಅದನ್ನ ನಂಬಬಹುದಲ್ವಾ?

ಕಸ್ಟಮರ್ ಸ್ಯಾಟಿಸ್ಫ್ಯಾಕ್ಷನ್. ಟಿಕೆಟ್ ಮುಚ್ಚಿದ ಮೇಲೆ 1ರಿಂದ 5ರವರೆಗೆ ಅಂಕ ಕೊಡಿ ಅಂತ ಕೇಳ್ತೀವಿ, 4 ಮತ್ತು 5 ಕೊಟ್ಟವರನ್ನ ಖುಷಿಯಾದವರು ಅಂತ ಲೆಕ್ಕ ಹಾಕ್ತೀವಿ. 200 ಟಿಕೆಟ್ ಮುಚ್ಚಿ, 30 ಜನ ಅಂಕ ಕೊಟ್ಟು, ಅದರಲ್ಲಿ 27 ಜನ 4 ಅಥವಾ 5 ಕೊಟ್ಟರೆ 90%. ಉಳಿದ 170 ಜನ ಏನಂದುಕೊಂಡರು ಅಂತ ಆ ನಂಬರಿಗೆ ಗೊತ್ತಿಲ್ಲ. ನಂಬಿ, ಆದರೆ ಎಷ್ಟು ಜನ ಉತ್ತರಿಸಿದರು ಅನ್ನೋದನ್ನ ಜೊತೆಗೆ ಕೇಳಿ.

ಓಕೆಆರ್ ಯಾರು ಶುರು ಮಾಡಿದ್ದು?

1970ರ ದಶಕದಲ್ಲಿ ಇಂಟೆಲ್‌ನಲ್ಲಿ ಆಂಡಿ ಗ್ರೋವ್. ಅದಕ್ಕೂ ಮುಂಚೆ, 1954ರಲ್ಲೇ, ಪೀಟರ್ ಡ್ರಕರ್ ಗುರಿಗಳ ಮೂಲಕ ಆಡಳಿತ ಅನ್ನೋ ವಿಚಾರ ಮುಂದಿಟ್ಟಿದ್ದರು, ಗ್ರೋವ್ ಅದನ್ನ ಚುರುಕು ಮಾಡಿದರು. ಇಂಟೆಲ್‌ನಲ್ಲಿ ಅವರ ಕೈಕೆಳಗೆ ಕಲಿತ ಜಾನ್ ಡೋರ್ 1999ರಲ್ಲಿ ಗೂಗಲ್‌ಗೆ ಕಲಿಸಿದರು. ಅಲ್ಲಿಂದ ಎಲ್ಲ ಕಡೆ ಹರಡಿತು.

ನಮ್ಮ ಈ ಕ್ವಾರ್ಟರಿನ ಓಕೆಆರ್ ಓದಿದೆ, ತಲೆಗೆ ಹೋಗಲಿಲ್ಲ. ಬಿಡಿಸಿ ಹೇಳ್ತೀರಾ?

ಹಿಂದಿನ ಕ್ವಾರ್ಟರಿನದನ್ನ ಹೇಳ್ತೀನಿ, ಅದು ಮುಗಿದಿರೋದ್ರಿಂದ ಕೊನೇವರೆಗೂ ನೋಡಬಹುದು. ಆ ಬಿಲ್ ಪ್ರಿಂಟರ್ ತೊಂದರೆ ಒಬ್ಬರದಲ್ಲ, ತಿಂಗಳಿಗೆ 300 ಟಿಕೆಟ್ ಅದೇ ಬರುತ್ತಿತ್ತು. ಬೇಗ ಉತ್ತರಿಸುವುದರಿಂದ ಅದು ಕಮ್ಮಿ ಆಗಲ್ಲ, ಬುಡದಲ್ಲೇ ಸರಿ ಮಾಡಬೇಕು. ಅದಕ್ಕೇ ಅದು ಕೆಪಿಐ ಬಿಟ್ಟು ಓಕೆಆರ್‌ಗೆ ಬಂತು.

ಆಬ್ಜೆಕ್ಟಿವ್ ಅನ್ನೋದು ನಂಬರ್ ಇಲ್ಲದ ಒಂದು ವಾಕ್ಯ. ನಮ್ಮದು: 'ಹೊಸ ಅಂಗಡಿಯವರು ಯಾರ ಸಹಾಯವೂ ಇಲ್ಲದೆ ತಮ್ಮ ಮೊದಲ ಬಿಲ್ ಪ್ರಿಂಟ್ ಮಾಡುವಂತಾಗಬೇಕು.' ಅದು ಆಯ್ತಾ ಇಲ್ವಾ ಅಂತ ತಿಳಿಯಲು ಮೂರು ಕೀ ರಿಸಲ್ಟ್:

1. ಸೇರಿದ 7 ದಿನದೊಳಗೆ ಮೊದಲ ಬಿಲ್ ಹಾಕುವವರು 40%ರಿಂದ 60%ಕ್ಕೆ ಏರಬೇಕು.
2. ಪ್ರಿಂಟರ್ ಟಿಕೆಟ್ಟುಗಳು ತಿಂಗಳಿಗೆ 300ರಿಂದ 150ಕ್ಕೆ ಇಳಿಯಬೇಕು.
3. ಕನ್ನಡ, ತೆಲುಗು, ತಮಿಳಿನಲ್ಲಿ 20 ಸಹಾಯ ಪುಟಗಳು ಬರೆದು ಮುಗಿಯಬೇಕು.

ಮೊದಲನೆಯದರಲ್ಲಿ 'ಎಲ್ಲಿಂದ ಎಲ್ಲಿಗೆ' ಅಂತ ಎರಡೂ ನಂಬರ್ ಇರೋದನ್ನ ಗಮನಿಸಿ. ಮೊದಲ ಕರಡಿನಲ್ಲಿ '20% ಹೆಚ್ಚಿಸಬೇಕು' ಅಂತಷ್ಟೇ ಇತ್ತು. 40ರ ಮೇಲೆ 20% ಅಂದ್ರೆ 48. ಆದರೆ ಬರೆದವರ ಮನಸ್ಸಿನಲ್ಲಿ ಇದ್ದದ್ದು 60. ಹಾಗೇ ಬಿಟ್ಟಿದ್ದರೆ ಮೂರು ತಿಂಗಳಾದ ಮೇಲೆ ಗೆದ್ದೆವಾ ಸೋತೆವಾ ಅಂತಲೇ ಜಗಳ ಆಗುತ್ತಿತ್ತು.

ಎರಡನೆಯದರಲ್ಲಿ ಒಂದು ದೋಷ ಉಳಿದುಬಿಟ್ಟಿತು. ಜೂನ್‌ನಲ್ಲಿ ಹೊಸ ಗ್ರಾಹಕರೇ ಕಮ್ಮಿ ಬಂದರೆ ನಾವು ಏನೂ ಮಾಡದಿದ್ದರೂ ಟಿಕೆಟ್ ಇಳಿಯುತ್ತೆ. 'ಪ್ರತಿ 100 ಹೊಸ ಗ್ರಾಹಕರಿಗೆ ಎಷ್ಟು ಟಿಕೆಟ್' ಅಂತ ಬರೆಯಬೇಕಿತ್ತು.

ಮೂರನೆಯದು ನನ್ನ ಪ್ರಕಾರ ಕೀ ರಿಸಲ್ಟೇ ಅಲ್ಲ. ಪುಟ ಬರೆಯೋದು ನಾವು ಮಾಡುವ ಕೆಲಸ, ಅದರಿಂದ ಆದ ಫಲ ಅಲ್ಲ. ಯಾರೂ ಓದದ 20 ಪುಟ ಬರೆದರೂ ಇದು ಪೂರ್ತಿ ಅಂಕ ಕೊಡುತ್ತೆ. ಪುಟ ಓದಿದವರಲ್ಲಿ ಎಷ್ಟು ಜನ ಆಮೇಲೆ ಟಿಕೆಟ್ ಹಾಕಲಿಲ್ಲ ಅಂತ ಅಳೆದಿದ್ದರೆ ಅರ್ಥ ಇರುತ್ತಿತ್ತು. ಯಾವುದೇ ಕೀ ರಿಸಲ್ಟ್ ಓದುವಾಗ 'ಇದನ್ನ ಮಾಡಿ ಮುಗಿಸಿದರೂ ಗ್ರಾಹಕರಿಗೆ ಏನೂ ಬದಲಾಗದೇ ಇರಬಹುದಾ?' ಅಂತ ಕೇಳಿಕೊಳ್ಳಿ. ಹೌದು ಅಂತಾದರೆ ಅದು ಬರೀ ಕೆಲಸದ ಪಟ್ಟಿ.

ಅದರ ಅಂಕ 0.7 ಬಂತು ಅಂತ ಎಲ್ಲರೂ ಖುಷಿಪಟ್ಟರಂತೆ. 70% ಅಂದ್ರೆ ಕಮ್ಮಿ ಅಲ್ವಾ?

ಲೆಕ್ಕ ನೋಡೋಣ. ಮೊದಲನೆಯದು 60 ಮುಟ್ಟಲಿಲ್ಲ, 54ಕ್ಕೆ ನಿಂತಿತು. ಇಲ್ಲಿ ಬಹಳ ಜನ 54 ಭಾಗಿಸು 60, ಅಂದ್ರೆ 0.9 ಅಂತ ಹಾಕಿಬಿಡ್ತಾರೆ. ಅದು ತಪ್ಪು, ಯಾಕಂದ್ರೆ ಹಾಗೆ ಹಾಕಿದರೆ ನಾವು ಏನೂ ಮಾಡದೆ 40ರಲ್ಲೇ ಇದ್ದರೂ 0.67 ಸಿಗುತ್ತೆ. ನಡೆಯಬೇಕಾಗಿದ್ದ ದೂರ 20, ನಡೆದದ್ದು 14.

```
(54 - 40) / (60 - 40) = 0.7
(300 - 210) / (300 - 150) = 0.6
16 / 20 = 0.8
```

ಎರಡನೇ ಸಾಲು ಪ್ರಿಂಟರ್ ಟಿಕೆಟ್ಟಿನದು, 300ರಿಂದ 210ಕ್ಕೆ ಇಳಿದಿತ್ತು. ಮೂರನೆಯದು ಪುಟಗಳದು, 20ರಲ್ಲಿ 16 ಆಯ್ತು. ಮೂರರ ಸರಾಸರಿ 0.7.

ಇನ್ನು ಅದು ಕಮ್ಮಿನಾ ಅಂದ್ರೆ, ಓಕೆಆರ್‌ನಲ್ಲಿ ಎರಡು ಜಾತಿ ಇದೆ. ಕಮಿಟೆಡ್ ಅಂದ್ರೆ ಆಗಲೇಬೇಕಾದದ್ದು, ಅದರಲ್ಲಿ 1.0 ಬರಬೇಕು, ಬರದಿದ್ದರೆ ಯಾಕೆ ಅಂತ ಹೇಳಬೇಕು. ಆಸ್ಪಿರೇಷನಲ್ ಅಂದ್ರೆ ಬೇಕಂತಲೇ ಕೈಗೆಟುಕದಷ್ಟು ಎತ್ತರದಲ್ಲಿ ಇಟ್ಟಿದ್ದು. ಗೂಗಲ್‌ನವರ ರೂಢಿಯಲ್ಲಿ ಇದಕ್ಕೆ 0.6ರಿಂದ 0.7 ಬಂದರೆ ಚೆನ್ನಾಗಾಯ್ತು ಅಂತಲೇ ಲೆಕ್ಕ. ಸದಾ 1.0 ಬರುತ್ತಿದ್ದರೆ ಗುರಿಯೇ ತೀರಾ ಕೆಳಗಿತ್ತು ಅಂತ ಅರ್ಥ. ನಮ್ಮದು ಆಸ್ಪಿರೇಷನಲ್, ಹಾಗಾಗಿ ಖುಷಿ. ಯಾವುದು ಯಾವ ಜಾತಿ ಅಂತ ಕ್ವಾರ್ಟರಿನ ಮೊದಲ ದಿನವೇ ಬರೆದಿಡಬೇಕು, ಕೊನೇಲಿ ಅಂಕ ನೋಡಿ ತೀರ್ಮಾನಿಸೋದಲ್ಲ.

ಕೀ ರಿಸಲ್ಟ್ ಮತ್ತು ಕೆಆರ್‌ಎ ಒಂದೇನಾ? ನನ್ನ ಆಫರ್ ಜೊತೆ ಬಂದ ಹಾಳೆಯಲ್ಲಿ ಕೆಆರ್‌ಎ ಅಂತಿದೆ.

ಅಲ್ಲ. ಹೆಸರು ಹತ್ತಿರ ಇರೋದ್ರಿಂದ ಹಳಬರೂ ತಪ್ಪು ಮಾಡ್ತಾರೆ. ಕೆಆರ್‌ಎ ಅಂದ್ರೆ ಕೀ ರಿಸಲ್ಟ್ ಏರಿಯಾ, ನಮ್ಮ ದೇಶದ ಆಫೀಸುಗಳಲ್ಲಿ ಬಹಳ ಬಳಕೆಯಲ್ಲಿರೋ ಮಾತು. ನಿಮ್ಮ ಹುದ್ದೆಯ ಜವಾಬ್ದಾರಿ ಯಾವ ಯಾವ ಕಡೆ ಹರಡಿದೆ ಅಂತ ಹೇಳುತ್ತೆ, ಅದರಲ್ಲಿ ನಂಬರ್ ಇರಬೇಕಾಗಿಲ್ಲ. 'ಗ್ರಾಹಕರ ಟಿಕೆಟ್ ನಿರ್ವಹಣೆ' ನಿಮ್ಮ ಒಂದು ಕೆಆರ್‌ಎ. ಅದು ಹೇಗೆ ನಡೀತಿದೆ ಅಂತ ನೋಡುವ ಎಫ್‌ಆರ್‌ಟಿ ಅದರ ಕೆಪಿಐ. ಕೆಆರ್‌ಎ ವರ್ಷಪೂರ್ತಿ ಹೆಚ್ಚು ಕಮ್ಮಿ ಹಾಗೇ ಇರುತ್ತೆ, ಓಕೆಆರ್ ಮಾತ್ರ ಮೂರು ತಿಂಗಳಿಗೊಮ್ಮೆ ಬದಲಾಗುತ್ತೆ.

ಇವುಗಳಲ್ಲಿ ಯಾವುದರ ಮೇಲೆ ನನ್ನ ಇನ್‌ಕ್ರಿಮೆಂಟ್ ನಿಂತಿದೆ?

ನಮ್ಮಲ್ಲಿ ಅಪ್ರೈಸಲ್ ನೋಡೋದು ಕೆಆರ್‌ಎ ಮತ್ತು ಅದರ ಕೆಳಗಿನ ಕೆಪಿಐಗಳನ್ನ. ಓಕೆಆರ್ ಅಂಕವನ್ನ ಸಂಬಳಕ್ಕೆ ಕಟ್ಟಿಲ್ಲ, ಕಟ್ಟಲೂ ಬಾರದು ಅನ್ನೋದು ನನ್ನ ಅಭಿಪ್ರಾಯ. ದುಡ್ಡು ಕಟ್ಟಿದ ದಿನದಿಂದ ಯಾರೂ 40ರಿಂದ 60 ಅಂತ ಬರೆಯೋದಿಲ್ಲ, 40ರಿಂದ 45 ಅಂತ ಬರೆದು ಆರಾಮಾಗಿ 1.0 ತಗೋತಾರೆ. ಆದರೆ ಎಲ್ಲ ಕಂಪನಿಯಲ್ಲೂ ಹೀಗೇ ಇಲ್ಲ. ಕೆಲವು ಕಡೆ ಹೆಸರು ಮಾತ್ರ ಓಕೆಆರ್, ಒಳಗೆ ಅದೇ ಹಳೇ ಟಾರ್ಗೆಟ್. ಮುಂದೆ ಬೇರೆ ಕಡೆ ಹೋದಾಗ ಮೊದಲೇ ಕೇಳಿ.

ಕ್ಯೂ1 ಅಂದ್ರೆ ಯಾವ ತಿಂಗಳು? ಇಓಡಿ ಅಂದ್ರೆ ಎಷ್ಟು ಗಂಟೆ?

ಯಾರು ಹೇಳ್ತಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ. ನಮ್ಮ ಹಣಕಾಸು ವರ್ಷ ಏಪ್ರಿಲ್ 1ರಿಂದ ಮಾರ್ಚ್ 31, ಹಾಗಾಗಿ ನಮ್ಮ ಕ್ಯೂ1 ಏಪ್ರಿಲ್‌ನಿಂದ ಜೂನ್. ಜನವರಿಯಿಂದ ವರ್ಷ ಲೆಕ್ಕ ಹಾಕುವ ಅಮೆರಿಕದ ಗ್ರಾಹಕರಿಗೆ ಅದು ಕ್ಯೂ2. ಒಬ್ಬ ಗ್ರಾಹಕರು 'ಕ್ಯೂ3 ಒಳಗೆ ಬೇಕು' ಅಂದಾಗ ನಾನು ಡಿಸೆಂಬರ್‌ವರೆಗೆ ಸಮಯ ಇದೆ ಅಂದುಕೊಂಡೆ, ಅವರಿಗೆ ಬೇಕಿದ್ದದ್ದು ಸೆಪ್ಟೆಂಬರ್‌ಗೆ. ಆವತ್ತಿನಿಂದ ನಾನು ಮೇಲ್‌ನಲ್ಲಿ ತಿಂಗಳ ಹೆಸರನ್ನೇ ಬರೆಯುತ್ತೇನೆ.

ಇಓಡಿ, ಎಂಡ್ ಆಫ್ ಡೇ, ಇದೂ ಹಾಗೇ. ಕ್ಯಾಲಿಫೋರ್ನಿಯಾದವರು ಜುಲೈನಲ್ಲಿ 'ಇಂದು ಇಓಡಿ' ಅಂದ್ರೆ, ಅವರ ಸಂಜೆ 6 ನಮಗೆ ಮರುದಿನ ಬೆಳಗ್ಗೆ 6:30. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ಹಾಕಿದ ಮೇಲೆ 7:30. 'ನಿಮ್ಮ ಸಂಜೆ 6 ತಾನೇ?' ಅಂತ ಒಂದು ಸಾಲು ಬರೆದು ಖಚಿತ ಮಾಡಿಕೊಳ್ಳಿ.

ಒಂದೇ ಅಕ್ಷರಗಳಿಗೆ ಎರಡು ಅರ್ಥ ಇರೋದು ಯಾವುದಾದ್ರೂ ಇದೆಯಾ?

ಇದೆ. ಮೀಟಿಂಗ್ ಮುಗಿದ ಮೇಲೆ 'ಎಂಓಎಂ ಕಳಿಸಿ' ಅಂದ್ರೆ ಮಿನಿಟ್ಸ್ ಆಫ್ ಮೀಟಿಂಗ್, ಯಾರು ಏನು ಮಾಡಬೇಕು ಅಂತ ತೀರ್ಮಾನ ಆಯ್ತು ಅನ್ನೋ ಟಿಪ್ಪಣಿ. ಡ್ಯಾಶ್‌ಬೋರ್ಡಿನಲ್ಲಿ ಅದೇ ಎಂಓಎಂ ಅಂದ್ರೆ ಮಂತ್ ಓವರ್ ಮಂತ್, ಕಳೆದ ತಿಂಗಳಿಗಿಂತ ಎಷ್ಟು ಏರಿತು ಅಂತ. ಪಿಎಂ ಅಂದ್ರೆ ಪ್ರಾಡಕ್ಟ್ ಮ್ಯಾನೇಜರೂ ಇರಬಹುದು, ಪ್ರಾಜೆಕ್ಟ್ ಮ್ಯಾನೇಜರೂ ಇರಬಹುದು. 'ಪಿಎಂ ಒಪ್ಪಿದ್ದಾರೆ' ಅಂತ ಯಾರಾದರೂ ಹೇಳಿದರೆ ಹೆಸರು ಕೇಳಿಕೊಳ್ಳಿ.

ಮೀಟಿಂಗ್ ಮಧ್ಯೆ ಅರ್ಥ ಆಗದಿದ್ದರೆ ಕೇಳಲಾ, ಸುಮ್ನೆ ಇರಲಾ?

ಕೇಳಿ. ಎಂಟು ಜನರ ಮೀಟಿಂಗಲ್ಲಿ ಮಾತು ತಡೆಯೋದು ಕಷ್ಟ ಅನ್ನಿಸಿದರೆ ಚಾಟ್‌ನಲ್ಲಿ ನನಗೆ ಹಾಕಿ, ಅಲ್ಲೇ ಉತ್ತರಿಸ್ತೀನಿ. ಆದರೆ ನಿಮ್ಮ ಹೆಸರಿನ ಮೇಲೆ ಕೆಲಸ ಬೀಳುತ್ತಿದ್ದಾಗ ಮಾತ್ರ ಜೋರಾಗೇ ಕೇಳಿ: 'ಇದನ್ನ ಹೇಗೆ ಅಳೀತೀವಿ, ಈಗ ಎಷ್ಟಿದೆ?' ಹಾಗೆ ಕೇಳಿದಾಗ, ಅಲ್ಲಿದ್ದ ಇನ್ನಿಬ್ಬರು ಬೇರೆ ಬೇರೆ ನಂಬರ್ ಇಟ್ಟುಕೊಂಡಿದ್ದರು ಅಂತ ಗೊತ್ತಾಗಿದ್ದೂ ಇದೆ.

ಶುಕ್ರವಾರ ಮ್ಯಾನೇಜರ್ ಜೊತೆ ಮೊದಲ ಒನ್ ಆನ್ ಒನ್ ಇದೆ. ಏನು ಕೇಳಲಿ?

ಕೆಆರ್‌ಎ ಹಾಳೆ ತಗೊಂಡು ಹೋಗಿ. ಪ್ರತಿ ಸಾಲಿನ ಮುಂದೆ ಯಾವ ಕೆಪಿಐ ನೋಡ್ತಾರೆ, ಅದರ ನಂಬರ್ ಎಲ್ಲಿಂದ ಬರುತ್ತೆ ಅಂತ ಕೇಳಿ ಬರೆದುಕೊಳ್ಳಿ. ಹೊಸಬರಿಗೆ ಮೊದಲ ತಿಂಗಳು ಅದೇ ಟಾರ್ಗೆಟ್ಟಾ ಅಥವಾ ಕಮ್ಮಿನಾ ಅಂತಲೂ ಕೇಳಿ. ನಮ್ಮಲ್ಲಿ ಕಮ್ಮಿ ಇದೆ, ಆದರೆ ಕೇಳದಿದ್ದರೆ ಯಾರೂ ತಾವಾಗಿ ಹೇಳಲ್ಲ. ಕೊನೆಯದಾಗಿ, ಈ ಕ್ವಾರ್ಟರಿನ ಓಕೆಆರ್‌ನಲ್ಲಿ ನಿಮ್ಮ ಕೈ ಸೇರೋದು ಯಾವ ಕೀ ರಿಸಲ್ಟಿಗೆ ಅಂತ ಕೇಳಿ. ನನಗೆ ಗೊತ್ತಿರೋ ಮಟ್ಟಿಗೆ ನಿಮ್ಮನ್ನ ಸಹಾಯ ಪುಟಗಳಿಗೆ ಹಾಕ್ತಾರೆ. ಹಾಗಿದ್ದರೆ ಸೋಮವಾರ ನನ್ನ ಹತ್ತಿರ ಬನ್ನಿ, ಪೇಪರ್ ಅಗಲ ಬದಲಾಯಿಸುವ ಪುಟವನ್ನ ಇಬ್ಬರೂ ಕೂತು ಕನ್ನಡದಲ್ಲಿ ಹೊಸದಾಗಿ ಬರೆಯೋಣ.